ಓಟಿ ಸ್ಲಿಪ್‌ಗೆ ಸಹಿ ಹಾಕುವವನ ಓಟಿ ಯಾರ ಲೆಕ್ಕದಲ್ಲಿದೆ?

ವಸಂತನರಸಾಪುರದ ಒಂದು ಪ್ರೆಸ್ ಶಾಪ್‌ನಲ್ಲಿ ನಾನು ಶಿಫ್ಟ್ ಸೂಪರ್‌ವೈಸರ್ ಆಗಿದ್ದೆ. ತಿಂಗಳ ಕೊನೆಯಲ್ಲಿ ಆಪರೇಟರ್‌ಗಳ ಓಟಿ ಸ್ಲಿಪ್‌ಗಳನ್ನು ರಾಶಿ ಹಾಕಿಕೊಂಡು ಸಹಿ ಮಾಡುವುದು ನನ್ನ ಕೆಲಸ. ಯಾವ ದಿನ, ಎಷ್ಟು ಗಂಟೆ, ಯಾವ ಮೆಷಿನ್, ಯಾಕೆ ನಿಂತರು, ಎಲ್ಲಾ ನೋಡಿಯೇ ಸಹಿ ಹಾಕಬೇಕು. ಒಂದು ಸಲ ಹಳೇ ಆಪರೇಟರ್ ಒಬ್ಬರು ಪಕ್ಕದಲ್ಲೇ ನಿಂತಿದ್ದರು. "ಸಾರ್, ಆವತ್ತು ನೀವೂ ನಮ್ ಜೊತೆಗೇ ಇದ್ರಲ್ಲ, ನಿಮ್ ಸ್ಲಿಪ್‌ಗೆ ಯಾರು ಸಹಿ ಹಾಕ್ತಾರೆ?" ಅಂದರು. ಅವರು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ತಿಂಗಳು ಅವರು ನಲವತ್ತು ಗಂಟೆ ಓಟಿ ಮಾಡಿದ್ದರು. ಸಂಬಳ 18,000. ಅದನ್ನು 26 ದಿನಕ್ಕೆ, ದಿನಕ್ಕೆ 8 ಗಂಟೆಯಂತೆ ಭಾಗಿಸಿದರೆ ಗಂಟೆಗೆ ಸುಮಾರು 86 ರೂಪಾಯಿ ಐವತ್ತು ಪೈಸೆ. ಓಟಿಗೆ ಎರಡು ಪಟ್ಟು. ಅಲ್ಲಿಗೆ ಸುಮಾರು 6,900 ಜಾಸ್ತಿ ಬಂತು, ಒಟ್ಟು 24,900. ನನ್ನದು 27,000. ಡಿಪ್ಲೊಮಾ, ಆರು ವರ್ಷದ ಅನುಭವ, ಲೈನಿನ ಪೂರ್ತಿ ಹೊಣೆ ಎಲ್ಲಾ ಸೇರಿ ಇಬ್ಬರ ನಡುವೆ ಉಳಿದ ಅಂತರ 2,100 ರೂಪಾಯಿ. ಅವರಿಗೆ ಸಿಕ್ಕಿದ್ದು ನ್ಯಾಯವಾಗಿ ಸಿಗಬೇಕಾದದ್ದೇ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಆ ನಲವತ್ತು ಗಂಟೆಯಲ್ಲಿ ಬಹುಪಾಲು ಹೊತ್ತು ನಾನೂ ಅಲ್ಲೇ ಇದ್ದೆ ಅನ್ನೋದು ಯಾವ ಕಾಗದದಲ್ಲೂ ಇರಲಿಲ್ಲ.

ತುಮಕೂರು ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ ಸೂಪರ್‌ವೈಸರ್ ಆಗಿರುವವರಿಗೆ ಇದು ಹೊಸದಲ್ಲ. ಆಫರ್ ಲೆಟರ್‌ನಲ್ಲಿ "ಸ್ಟಾಫ್ ಗ್ರೇಡ್" ಅಂತ ಇರುತ್ತದೆ. ಆ ಎರಡು ಪದ ಬಂದ ಮೇಲೆ ಗಂಟೆ ಎಣಿಸುವ ಪದ್ಧತಿ ನಿಂತೇ ಹೋಗುತ್ತದೆ. ಇನ್ನೊಂದು ಕಡೆ ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿಯನ್ನು ಹೆಚ್ಚುಕಡಿಮೆ ಎರಡು ಪಟ್ಟಿಗೆ ಏರಿಸಿತು. ಆಪರೇಟರ್ ಜಾಸ್ತಿ ಹೊತ್ತು ನಿಂತರೆ ಅವರನ್ನು ನೋಡಿಕೊಳ್ಳುವವನೂ ನಿಲ್ಲಬೇಕು. ಅವರ ಗಂಟೆಗೆ ಸ್ಲಿಪ್ ಇದೆ, ಇವನ ಗಂಟೆಗೆ ಇಲ್ಲ.

ಗಂಟೆಗಳು ಹೋಗುವುದು ಎಲ್ಲಿ

ಸಂಬಳ ಇಲ್ಲದ ಓಟಿ ಅಂದ ಕೂಡಲೇ ರಾತ್ರಿಯೆಲ್ಲಾ ಬ್ರೇಕ್‌ಡೌನ್ ಆಗಿ ನಿಂತ ಚಿತ್ರ ಕಣ್ಣಿಗೆ ಬರುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ. ಆಪರೇಟರ್ ಕೇಳಿದ ಪ್ರಶ್ನೆ ತಲೆಯಲ್ಲೇ ಉಳಿದಿದ್ದರಿಂದ ಒಂದು ಚಿಕ್ಕ ಡೈರಿ ತಗೊಂಡು ನಾಲ್ಕು ವಾರ, ಅಂದರೆ 24 ಕೆಲಸದ ದಿನ, ಬರೆದಿಟ್ಟೆ. ದಿನಕ್ಕೆ ಒಂದೇ ಸಾಲು. ಗೇಟ್ ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು, ಶಿಫ್ಟಿನ ಆಚೆ ಇದ್ದದ್ದಕ್ಕೆ ಕಾರಣ. ಕಾರಣವನ್ನು ಎರಡು ಪದದಲ್ಲಿ ಮಾತ್ರ ಬರೆಯುತ್ತಿದ್ದೆ: "ಹ್ಯಾಂಡೋವರ್", "ಡೈ ಜಾಮ್", "ರಿಲೀವರ್ ಬಂದಿಲ್ಲ", "ಮೀಟಿಂಗ್‌ಗೆ ಕಾದಿದ್ದು".

ನಮ್ಮಲ್ಲಿ ಎ ಶಿಫ್ಟ್ ಬೆಳಗ್ಗೆ 6ರಿಂದ 2, ಬಿ ಶಿಫ್ಟ್ 2ರಿಂದ 10, ಸಿ ಶಿಫ್ಟ್ ರಾತ್ರಿ 10ರಿಂದ 6. ನಾಲ್ಕು ವಾರದಲ್ಲಿ ನನಗೆ ಒಟ್ಟು 42 ಗಂಟೆ ಜಾಸ್ತಿ ಬಂತು. ಅದರಲ್ಲಿ ಬ್ರೇಕ್‌ಡೌನ್ ಮತ್ತು ರಿಲೀವರ್ ಬಾರದೇ ಇದ್ದದ್ದು ಸೇರಿ ಬರೀ 10 ಗಂಟೆ. ಶಿಫ್ಟ್ ಶುರುವಾಗುವ ಮುಂಚೆ ಲೈನ್ ನೋಡಲು ದಿನಾ ಇಪ್ಪತ್ತು ನಿಮಿಷ ಬೇಗ ಬರುತ್ತಿದ್ದೆ, ಅದೇ 8 ಗಂಟೆ ಆಯಿತು. ಎ ಮತ್ತು ಬಿ ಶಿಫ್ಟ್ ಮುಗಿದ ಮೇಲೆ ಹ್ಯಾಂಡೋವರ್‌ಗೆ, ಪ್ರೊಡಕ್ಷನ್ ರಿಪೋರ್ಟ್ ತುಂಬಲು ಅರ್ಧ ಗಂಟೆ, 18 ದಿನಕ್ಕೆ 9 ಗಂಟೆ. ಉಳಿದ 15 ಗಂಟೆ ಎಲ್ಲಿಂದ ಬಂತು ಅಂತ ನೋಡಿ ನನಗೇ ಆಶ್ಚರ್ಯ ಆಯಿತು. ಸಿ ಶಿಫ್ಟ್ ವಾರದ ಆರೂ ದಿನ, 6 ಗಂಟೆಗೆ ಕೆಲಸ ಮುಗಿದರೂ 8 ಗಂಟೆಯ ಮಾರ್ನಿಂಗ್ ಮೀಟಿಂಗ್‌ಗೆ ಕಾದು, ಅಲ್ಲಿ ಎರಡು ನಿಮಿಷ ರಾತ್ರಿಯ ವಿಷಯ ಹೇಳಿ, ಎಂಟೂವರೆಗೆ ಹೊರಡುತ್ತಿದ್ದೆ. ದಿನಕ್ಕೆ ಎರಡೂವರೆ ಗಂಟೆ. ಕಂಪನಿ ಬಸ್ ಆರೂ ಇಪ್ಪತ್ತಕ್ಕೇ ಹೊರಟುಹೋಗಿರುತ್ತಿತ್ತು. ರಾತ್ರಿಯೆಲ್ಲಾ ಎದ್ದಿದ್ದ ಕಣ್ಣಲ್ಲಿ ಹೈವೇ ಮೇಲೆ ಬೈಕ್ ಓಡಿಸಿಕೊಂಡು ಶಿರಾ ಗೇಟ್ ಕಡೆ ಬರಬೇಕು. ಪೆಟ್ರೋಲ್ ನನ್ನದೇ.

ಅಂದರೆ 42ರಲ್ಲಿ 32 ಗಂಟೆ ಯಾವ ತುರ್ತಿಗೂ ಸಂಬಂಧ ಇರಲಿಲ್ಲ. ಶಿಫ್ಟ್‌ಗಳನ್ನು ಒಂದರ ಬೆನ್ನಿಗೆ ಒಂದು ಅಂಟಿಸಿ ಇಟ್ಟಿದ್ದಾರೆ, ನಡುವೆ ಕೈ ಬದಲಾಯಿಸಲು ಹೊತ್ತು ಇಟ್ಟಿಲ್ಲ. ಆ ಹೊತ್ತನ್ನು ಸೂಪರ್‌ವೈಸರ್ ತನ್ನ ಮನೆಯ ಸಮಯದಿಂದ ತುಂಬುತ್ತಾನೆ. ಮ್ಯಾನೇಜ್‌ಮೆಂಟ್ ಬೇಕಂತಲೇ ಹೀಗೆ ಮಾಡಿತು ಅಂತ ನನಗೆ ಈಗಲೂ ಅನಿಸುವುದಿಲ್ಲ. ಯಾರೂ ಎಣಿಸಿರಲಿಲ್ಲ, ಅಷ್ಟೇ. ರೂಪಾಯಿಯಲ್ಲಿ ನೋಡಿದರೆ ನನ್ನ ಗಂಟೆಗೆ 130 ಇದ್ದದ್ದು ನಿಜದಲ್ಲಿ 106ಕ್ಕೆ ಇಳಿದಿತ್ತು.

ಪಂಚ್ ಮಾಡಿ ಮತ್ತೆ ಒಳಗೆ ಹೋಗಬೇಡಿ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಯೋಮೆಟ್ರಿಕ್‌ನಲ್ಲಿ ಜಾಸ್ತಿ ಗಂಟೆ ಕಂಡರೆ ಎಚ್‌ಆರ್‌ನಿಂದ ಫೋನ್ ಬರುತ್ತದೆ ಅಂತ, ಎಷ್ಟೋ ಸೂಪರ್‌ವೈಸರ್‌ಗಳು ಶಿಫ್ಟ್ ಮುಗಿದ ಕೂಡಲೇ ಹೋಗಿ ಔಟ್ ಪಂಚ್ ಮಾಡಿ, ಮತ್ತೆ ಲೈನಿಗೆ ಬಂದು ಕೆಲಸ ಮುಂದುವರಿಸುತ್ತಾರೆ. ನಾನೂ ಒಂದು ವರ್ಷ ಹಾಗೆ ಮಾಡಿದ್ದೆ. ಇದು ಎರಡು ಕಡೆಯಿಂದ ತಪ್ಪು. ಒಂದು, ನಾಳೆ ನೀವು ಗಂಟೆಯ ಮಾತೆತ್ತಿದರೆ ಕಂಪನಿಯ ದಾಖಲೆಯೇ ನಿಮ್ಮ ವಿರುದ್ಧ ನಿಲ್ಲುತ್ತದೆ. ಎರಡು, ಅದಕ್ಕಿಂತ ದೊಡ್ಡದು, ಆ ಹೊತ್ತಿನಲ್ಲಿ ಪ್ರೆಸ್ ಹತ್ತಿರ ಕೈಗೆ ಏನಾದರೂ ಆದರೆ ನೀವು ಕಾರ್ಖಾನೆಯಲ್ಲೇ ಇರಲಿಲ್ಲ ಅಂತ ದಾಖಲೆ ಹೇಳುತ್ತದೆ. ಈ ಎರಡನೇ ಕಾರಣ ಮ್ಯಾನೇಜರ್‌ಗೂ ಬೇಗ ಅರ್ಥವಾಗುತ್ತದೆ. ಲೆಕ್ಕದಲ್ಲಿಲ್ಲದ ಒಬ್ಬ ಮನುಷ್ಯ ಶಾಪ್‌ನಲ್ಲಿ ಓಡಾಡುವುದು ಅವರಿಗೂ ತಲೆನೋವೇ.

ಹಾಗಾಗಿ ಡೈರಿ ಶುರು ಮಾಡುವ ಮುಂಚೆ ಪಂಚ್ ಸರಿ ಮಾಡಿಕೊಳ್ಳಿ. ನಿಜವಾಗಿ ಬಂದಾಗ ಇನ್, ನಿಜವಾಗಿ ಹೊರಟಾಗ ಔಟ್. ಡೈರಿಯೂ ಪಂಚ್ ಕೂಡ ಒಂದಕ್ಕೊಂದು ಹೊಂದಿದರೆ ಯಾರೂ ನಿಮ್ಮ ಲೆಕ್ಕವನ್ನು ಊಹೆ ಅನ್ನಲು ಆಗುವುದಿಲ್ಲ. ಹಾಗಂತ ಕಂಪನಿಯ ರಿಜಿಸ್ಟರ್ ಫೋಟೋ ತೆಗೆಯುವುದು, ಪ್ರೊಡಕ್ಷನ್ ಶೀಟ್ ಮನೆಗೆ ಒಯ್ಯುವುದು ಬೇಡ. ಆಮೇಲೆ ಓಟಿ ಮಾತು ಬಿಟ್ಟು ಅದೇ ವಿಷಯ ಆಗಿಬಿಡುತ್ತದೆ.

ಕಾನೂನು ಎಲ್ಲಿಯವರೆಗೆ ಜೊತೆಗೆ ಬರುತ್ತದೆ

"ಸೂಪರ್‌ವೈಸರ್‌ಗೆ ಓಟಿ ಇಲ್ಲ, ಕಾನೂನೇ ಹಾಗಿದೆ" ಅನ್ನುವ ಮಾತನ್ನು ನಾವೆಲ್ಲಾ ಕೇಳಿದ್ದೇವೆ. ಅದು ಅರ್ಧ ಸರಿ. 1948ರ ಕಾರ್ಖಾನೆ ಕಾಯ್ದೆಯ 59ನೇ ಸೆಕ್ಷನ್ ಓಟಿಗೆ ಎರಡು ಪಟ್ಟು ಅಂತ ಹೇಳಿತ್ತು. ಜೊತೆಗೆ 64ನೇ ಸೆಕ್ಷನ್, ಮೇಲ್ವಿಚಾರಣೆಯ ಹುದ್ದೆಯವರು ಯಾರು ಅಂತ ರಾಜ್ಯ ಸರ್ಕಾರ ನಿಯಮದಲ್ಲಿ ಗುರುತಿಸಿ ಅವರನ್ನು ಆ ಗಂಟೆಗಳ ಲೆಕ್ಕದಿಂದ ಹೊರಗಿಡಲು ಅವಕಾಶ ಕೊಟ್ಟಿತ್ತು. ಎಚ್‌ಆರ್ ಬಾಯಲ್ಲಿ ಇವತ್ತಿಗೂ ಬರುವುದು ಆ ಹಳೇ ಪದ್ಧತಿಯ ಮಾತು.

ಈಗ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಅದರಲ್ಲಿ ಕೆಲಸದ ಗಂಟೆ, ಸುರಕ್ಷತೆಗೆ ಸಂಬಂಧಿಸಿದ ಸಂಹಿತೆ "ಕಾರ್ಮಿಕ" ಅಂದರೆ ಯಾರು ಅಂತ ಹೇಳುವಾಗ, ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ವೇತನ ಪಡೆಯುವ ಮೇಲ್ವಿಚಾರಕರನ್ನು ಹೊರಗಿಡುತ್ತದೆ. ಕಾರ್ಮಿಕನಾದರೆ ಓಟಿಗೆ ಎರಡು ಪಟ್ಟು ವೇತನ, ಅದೂ ಅವನ ಒಪ್ಪಿಗೆ ಇದ್ದರೆ ಮಾತ್ರ ಓಟಿ.

ಇಲ್ಲಿ ನಮ್ಮವರು ಒಂದು ತಪ್ಪು ಮಾಡುತ್ತಾರೆ. "ನನಗೆ 27,000 ಬರುತ್ತೆ, ನಾನು ಹೊರಗೆ" ಅಂತ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆದರೆ ಸಂಹಿತೆಯಲ್ಲಿ "ವೇತನ" ಅಂದರೆ ಕೈಗೆ ಬರುವ ಪೂರ್ತಿ ಮೊತ್ತ ಅಂತ ಅಲ್ಲ. ಬೇಸಿಕ್, ಡಿಎ ಸೇರುತ್ತವೆ. ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ ಸೇರುವುದಿಲ್ಲ. ಹೀಗೆ ಹೊರಗಿಡುವ ಭಾಗ ಒಟ್ಟು ಮೊತ್ತದ ಅರ್ಧ ದಾಟಿದರೆ ಮಾತ್ರ, ದಾಟಿದಷ್ಟನ್ನು ಮತ್ತೆ ವೇತನಕ್ಕೆ ಸೇರಿಸಬೇಕು. 27,000ದ ಒಂದು ಪೇಸ್ಲಿಪ್ ನೋಡೋಣ: ಬೇಸಿಕ್ ಮತ್ತು ಡಿಎ 14,000, ಬಾಡಿಗೆ ಭತ್ಯೆ 7,000, ಓಡಾಟಕ್ಕೆ 3,500, ಸ್ಪೆಷಲ್ ಅಲೋವೆನ್ಸ್ 2,500. ಸ್ಪೆಷಲ್ ಅಲೋವೆನ್ಸ್ ಹೊರಗಿಡುವ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಅದನ್ನು ಒಳಗೇ ಎಣಿಸಬೇಕು. ಆಗ ವೇತನ 16,500. ಅಂದರೆ 18,000ದ ಗೆರೆಯ ಕೆಳಗೆ. ಇದೇ 27,000ದಲ್ಲಿ ಸ್ಪೆಷಲ್ ಅಲೋವೆನ್ಸ್ 5,000 ಇದ್ದು ಬಾಡಿಗೆ ಭತ್ಯೆ 4,500 ಇದ್ದಿದ್ದರೆ ವೇತನ 19,000 ಆಗಿ ಗೆರೆ ದಾಟುತ್ತಿತ್ತು. ಕೈಗೆ ಬರುವ ಸಂಬಳ ಒಂದೇ, ಪೇಸ್ಲಿಪ್‌ನ ಸಾಲುಗಳು ಬೇರೆ, ಉತ್ತರವೇ ಬೇರೆ. ಅದಕ್ಕೇ ಮೊದಲು ಪೇಸ್ಲಿಪ್ ತೆಗೆದು ಸಾಲು ಸಾಲಾಗಿ ಓದಿ.

ಮುಖ್ಯವಾಗಿ ಆಡಳಿತದ ಕೆಲಸ ಮಾಡುವವರು, ಅಂದರೆ ರಜೆ ಮಂಜೂರು ಮಾಡುವುದು, ಶಿಸ್ತು ಕ್ರಮ ತೆಗೆದುಕೊಳ್ಳುವುದು ಇಂಥ ಅಧಿಕಾರ ಇರುವವರು, ವೇತನ ಎಷ್ಟೇ ಇದ್ದರೂ ಹೊರಗೇ. ಆದರೆ ಹುದ್ದೆಯ ಹೆಸರು ಮಾತ್ರ ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಹಳೇ ಕೈಗಾರಿಕಾ ವಿವಾದ ಕಾಯ್ದೆಯ ಕೆಳಗೆ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ, ಮನುಷ್ಯ ಮುಖ್ಯವಾಗಿ ಯಾವ ಕೆಲಸ ಮಾಡುತ್ತಾನೆ ಅನ್ನೋದನ್ನು ನೋಡಬೇಕು ಅಂತ. ದಿನದಲ್ಲಿ ಐದು ಗಂಟೆ ನೀವೇ ಡೈ ಸೆಟ್ ಮಾಡುತ್ತಾ, ಆಪರೇಟರ್ ಬಾರದ ಮೆಷಿನ್ ಓಡಿಸುತ್ತಾ ಇದ್ದರೆ, ಐಡಿ ಕಾರ್ಡ್ ಮೇಲೆ ಸೂಪರ್‌ವೈಸರ್ ಅಂತ ಇರುವುದೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ.

ಇಷ್ಟೆಲ್ಲಾ ತಿಳಿದುಕೊಳ್ಳಿ, ಆದರೆ ಮೊದಲ ಮಾತುಕತೆಗೆ ಇದನ್ನು ಒಯ್ಯಬೇಡಿ. ಸೆಕ್ಷನ್ ನಂಬರ್ ಬಾಯಿಗೆ ಬಂದ ಕ್ಷಣಕ್ಕೆ ನಿಮ್ಮ ಮ್ಯಾನೇಜರ್ ಮಾತು ನಿಲ್ಲಿಸಿ ಎಚ್‌ಆರ್ ಕಡೆ ಕೈ ತೋರಿಸುತ್ತಾರೆ. ಅಲ್ಲಿಂದ ಮುಂದೆ ಅವರು ನಿಮ್ಮ ಪರ ಮಾತಾಡಲು ಆಗುವುದಿಲ್ಲ. ಅವರೇ ನಿಮಗೆ ಬೇಕಾದ ಮೊದಲ ಮನುಷ್ಯ.

ಮಾತಾಡಿದ್ದು ಹೇಗೆ

ನಾನು ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಹೋಗಿದ್ದು ತಿಂಗಳ ಎರಡನೇ ವಾರ, ಒಂದು ಬುಧವಾರ ಮಧ್ಯಾಹ್ನ ಊಟದ ನಂತರ. ತಿಂಗಳ ಕೊನೆಯಲ್ಲಿ ಡಿಸ್ಪ್ಯಾಚ್ ಒತ್ತಡ ಇರುತ್ತದೆ, ಸೋಮವಾರ ಹಿಂದಿನ ವಾರದ ರಿಜೆಕ್ಷನ್ ಬೈಗುಳ ಇರುತ್ತದೆ. ಒಬ್ಬನೇ ಹೋದೆ. ಕೈಯಲ್ಲಿ ಒಂದೇ ಹಾಳೆ. ಮೇಲೆ ನನ್ನ ಹೆಸರು ಬರೆದಿರಲಿಲ್ಲ, "ಶಿಫ್ಟ್ ಬದಲಾವಣೆಗೆ ಹಿಡಿಯುತ್ತಿರುವ ಹೊತ್ತು, ನಾಲ್ಕು ವಾರ" ಅಂತ ಬರೆದಿದ್ದೆ. ಕೆಳಗೆ ನಾಲ್ಕು ಸಾಲು, 8, 9, 15, 10. ಅದರ ಕೆಳಗೆ, ಆ ನಾಲ್ಕು ವಾರದಲ್ಲಿ ಹ್ಯಾಂಡೋವರ್ ಸರಿಯಾಗದೆ ತೊಂದರೆ ಆದ ಎರಡು ದಿನದ ವಿವರ. ಒಂದು ದಿನ ಡೈ ಕ್ಲಾಂಪ್ ಸಡಿಲ ಇದೆ ಅನ್ನೋದನ್ನು ಬಿ ಶಿಫ್ಟಿಗೆ ಹೇಳುವುದು ಬಿಟ್ಟುಹೋಗಿ, ಮೊದಲ ಅರ್ಧ ಗಂಟೆಯ ಪೀಸ್‌ಗಳೆಲ್ಲಾ ಬರ್ ಬಂದು ರಿಜೆಕ್ಟ್ ಆಗಿದ್ದವು.

ಅವರು ಹಾಳೆ ನೋಡಿ ಮೊದಲು ಹೇಳಿದ್ದು ನಾನು ಅಂದುಕೊಂಡಿದ್ದೇ. "ಏನಪ್ಪಾ, ಸ್ಟಾಫ್ ಆಗಿ ವರ್ಕರ್ ಥರ ಗಂಟೆ ಲೆಕ್ಕ ಹಾಕ್ತಿದ್ದೀಯಾ?"

ಈ ಮಾತಿಗೆ ಸಿಟ್ಟು ಬರುತ್ತದೆ. ನನಗೂ ಬಂತು. ಆದರೆ ಇದಕ್ಕೆ ಉತ್ತರ ಮೊದಲೇ ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡು ಹೋಗಿದ್ದೆ. "ಸರ್, ತುರ್ತು ಇದ್ದಾಗ ನಾನು ಯಾವತ್ತೂ ಹೋಗಿಲ್ಲ, ಮುಂದೆಯೂ ಹೋಗಲ್ಲ. ಇದರಲ್ಲಿ ತುರ್ತಿಗೆ ನಿಂತಿದ್ದು ಹತ್ತು ಗಂಟೆ ಮಾತ್ರ. ಉಳಿದ ಮೂವತ್ತೆರಡು ಗಂಟೆ ಶಿಫ್ಟ್ ಸೆಟಪ್‌ನಿಂದ ಹೋಗ್ತಿದೆ. ಅದನ್ನ ಕಮ್ಮಿ ಮಾಡಕ್ಕೆ ಆಗುತ್ತಾ ಅಂತ ನಿಮ್ಮನ್ನ ಕೇಳೋಣ ಅಂತ ಬಂದೆ." ಅವರು ಮತ್ತೆ ಹಾಳೆ ನೋಡಿದರು. ಆ ಹದಿನೈದರ ಮೇಲೆ ಬೆರಳಿಟ್ಟು "ಇದೇನಿದು?" ಅಂದರು. ಸಿ ಶಿಫ್ಟ್ ಸೂಪರ್‌ವೈಸರ್ ಎರಡು ಗಂಟೆ ಕ್ಯಾಂಟೀನ್‌ನಲ್ಲಿ ಕೂತು ಕಾಯುತ್ತಾನೆ ಅನ್ನೋದು ಅವರಿಗೆ ಗೊತ್ತೇ ಇರಲಿಲ್ಲ. ಅವರು ಬರುವುದೇ ಏಳೂವರೆಗೆ.

ನಾನು ಕೇಳಿದ್ದು ಮೂರು. ಸಿ ಶಿಫ್ಟ್‌ನವರು ಒಂದು ಪುಟದ ಹ್ಯಾಂಡೋವರ್ ಶೀಟ್ ಬರೆದು, ಎ ಶಿಫ್ಟ್ ಸೂಪರ್‌ವೈಸರ್ ಅದನ್ನು ಮೀಟಿಂಗ್‌ನಲ್ಲಿ ಓದುವುದು, ದೊಡ್ಡ ವಿಷಯ ಇದ್ದರೆ ಮಾತ್ರ ಫೋನ್. ಎಲ್ಲಾ ಶಿಫ್ಟಿಗೂ ಅದೇ ಶೀಟ್: ಓಡುತ್ತಿರುವ ಡೈ, ಸಡಿಲ ಇರುವುದು, ಬಾಕಿ ಮೆಟೀರಿಯಲ್, ಗೈರುಹಾಜರಿ, ರಿಜೆಕ್ಷನ್. ಮೂರನೆಯದು, ಬ್ರೇಕ್‌ಡೌನ್ ಅಥವಾ ರಿಲೀವರ್ ಇಲ್ಲದೆ ನಿಂತ ಗಂಟೆಯನ್ನು ಒಂದು ಪುಸ್ತಕದಲ್ಲಿ ಬರೆದು, 8 ಗಂಟೆ ಆದಾಗ ಒಂದು ಸಿ-ಆಫ್, ಅಂದರೆ ಒಂದು ದಿನ ಬದಲಿ ರಜೆ. ದುಡ್ಡು ಕೇಳಲಿಲ್ಲ. ದುಡ್ಡು ಮ್ಯಾನೇಜರ್ ಕೈಯಲ್ಲಿ ಇಲ್ಲ. ಅವರು ಕೊಡಲಾಗದ್ದನ್ನು ಮೊದಲೇ ಕೇಳಿದರೆ ಕೊಡಬಹುದಾದದ್ದಕ್ಕೂ ಬೇಡ ಅನ್ನುತ್ತಾರೆ.

ಮೊದಲ ಎರಡಕ್ಕೆ ಅವತ್ತೇ ಒಪ್ಪಿದರು, ಖರ್ಚು ಇರಲಿಲ್ಲವಲ್ಲ. ಸಂಜೆ ನಾನು ನಾಲ್ಕು ಸಾಲಿನ ಮೇಲ್ ಹಾಕಿದೆ, "ಇವತ್ತು ನೀವು ಹೇಳಿದಂತೆ ಸೋಮವಾರದಿಂದ ಶೀಟ್ ಶುರು ಮಾಡುತ್ತೇವೆ, ಧನ್ಯವಾದ ಸರ್" ಅಂತ. ಈ ಮೇಲ್ ಬಹಳ ಮುಖ್ಯ. ಬಾಯಿಮಾತಿನ ಒಪ್ಪಿಗೆ ಮುಂದಿನ ಡಿಸ್ಪ್ಯಾಚ್ ಒತ್ತಡಕ್ಕೆ ಮರೆತುಹೋಗುತ್ತದೆ. ಸಿ-ಆಫ್ ಮಾತ್ರ ಎಚ್‌ಆರ್ ಕೇಳಬೇಕು ಅಂದರು. ಎಚ್‌ಆರ್ ಮೇಡಂ ಎರಡು ತಿಂಗಳು ಎಳೆದರು. ಕೊನೆಗೆ ಒಪ್ಪಿದರು, 60 ದಿನದೊಳಗೆ ತಗೊಳ್ಳಬೇಕು ಅನ್ನುವ ಷರತ್ತಿನ ಮೇಲೆ.

ಅದಾದ ಮೇಲೆ ಮತ್ತೆ ನಾಲ್ಕು ವಾರ ಬರೆದೆ. ಹ್ಯಾಂಡೋವರ್‌ಗೆ ಹಿಂದೆ ಮುಂದೆ ಸೇರಿ ದಿನಕ್ಕೆ 25 ನಿಮಿಷ, 24 ದಿನಕ್ಕೆ 10 ಗಂಟೆ. ತುರ್ತಿಗೆ ಮತ್ತೆ ಹತ್ತು ಗಂಟೆಯೇ ಬಂತು, ಆದರೆ ಅದರಲ್ಲಿ ಎಂಟಕ್ಕೆ ಒಂದು ದಿನ ರಜೆ ಸಿಕ್ಕಿತು, ಎರಡು ಪುಸ್ತಕದಲ್ಲಿ ಮುಂದಕ್ಕೆ ಹೋಯಿತು. 42 ಗಂಟೆ ಇದ್ದದ್ದು ಲೆಕ್ಕವಿಲ್ಲದ ಹತ್ತಕ್ಕೆ ಬಂತು. ಆ ಹತ್ತು ಇನ್ನೂ ಸಂಬಳ ಇಲ್ಲದ ಗಂಟೆಗಳೇ. ಫೆಬ್ರವರಿಯಲ್ಲಿ ಬಜೆಟ್ ಸಮಯಕ್ಕೆ ಶಿಫ್ಟ್ ಅಲೋವೆನ್ಸ್ ಕೇಳಿದೆವು, ಆ ವರ್ಷ ಸಿಗಲಿಲ್ಲ.

ಎಲ್ಲಿ ಕೆಡುತ್ತದೆ

ನನ್ನ ಜೊತೆಯ ಒಬ್ಬ ಗೆಳೆಯ ಬೇರೆ ಕಂಪನಿಯಲ್ಲಿ ಇದೇ ವಿಷಯ ಎತ್ತಿ ಕೆಟ್ಟ ಹೆಸರು ತಗೊಂಡ. ಅವನ ಲೆಕ್ಕ ನನ್ನದಕ್ಕಿಂತ ಬಲವಾಗಿತ್ತು, ತಿಂಗಳಿಗೆ ಅರವತ್ತು ಗಂಟೆ ಹತ್ತಿರ. ಆದರೆ ಅವನು ಅದನ್ನು ರಾತ್ರಿ ಹನ್ನೊಂದಕ್ಕೆ, ಸಿಟ್ಟಿನಲ್ಲಿ, ಪ್ಲಾಂಟ್ ಹೆಡ್ ಕೂಡ ಇದ್ದ ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕಿದ. ಅವನ ಮ್ಯಾನೇಜರ್‌ಗೆ ಎಲ್ಲರ ಮುಂದೆ ತಲೆ ತಗ್ಗಿಸುವ ಹಾಗೆ ಆಯಿತು. ಮರುದಿನದಿಂದ ಗಂಟೆಯ ಮಾತು ಹೋಗಿ ಅವನ "ನಡತೆ"ಯ ಮಾತಾಯಿತು. ಇನ್ನೊಬ್ಬರು ಹೇಳದೆ ಕೇಳದೆ ಒಂದು ದಿನ ಸರಿಯಾಗಿ ಎರಡು ಗಂಟೆಗೆ ಲೈನ್ ಬಿಟ್ಟು ಹೊರಟರು, ರಿಲೀವರ್ ಬಂದಿರಲಿಲ್ಲ. ಆಪರೇಟರ್‌ಗಳೇ ಅವರ ಮೇಲೆ ಬೇಸರ ಮಾಡಿಕೊಂಡರು. ಕೆಳಗಿನವರ ಗೌರವ ಹೋದರೆ ಮೇಲಿನವರ ಎದುರು ನಿಲ್ಲಲು ಕಾಲೇ ಇರುವುದಿಲ್ಲ.

ಒಬ್ಬರೇ ಹೋಗಬೇಕಾ, ಎಲ್ಲಾ ಸೂಪರ್‌ವೈಸರ್‌ಗಳೂ ಸೇರಿ ಹೋಗಬೇಕಾ ಅಂತ ಬಹಳ ಜನ ಕೇಳುತ್ತಾರೆ. ನನ್ನ ಅಭಿಪ್ರಾಯ, ಮೊದಲ ಸಲ ಒಬ್ಬರು, ಮಾತು ಎಲ್ಲರದು. ಮೂರೂ ಶಿಫ್ಟ್‌ನವರು ಡೈರಿ ಬರೆಯಲಿ, ಮಾತಾಡಲು ಮ್ಯಾನೇಜರ್ ಜೊತೆ ಚೆನ್ನಾಗಿರುವ ಒಬ್ಬರು ಹೋಗಲಿ. ಮೂರು ತಿಂಗಳಾದರೂ ಏನೂ ಆಗದಿದ್ದರೆ ಮೂವರೂ ಸೇರಿ ಎಚ್‌ಆರ್‌ಗೆ ಬರೆದು ಕೊಡಿ. ಪೇಸ್ಲಿಪ್ ವಿಷಯ ಎತ್ತುವುದು ಆಗ, ಅದೂ ಪ್ರಶ್ನೆಯಾಗಿ: "ಹೊಸ ಸಂಹಿತೆಯ ಪ್ರಕಾರ ನಮ್ಮ ವೇತನ ಎಷ್ಟು ಅಂತ ಲೆಕ್ಕ ಆಗುತ್ತದೆ, ನಾವು 18,000ದ ಒಳಗೆ ಬರುತ್ತೇವಾ, ದಯವಿಟ್ಟು ಬರಹದಲ್ಲಿ ತಿಳಿಸಿ." ಇದಕ್ಕೆ ಎಚ್‌ಆರ್ ಉತ್ತರ ಕೊಡಬೇಕಾದರೆ ತಮ್ಮ ಲೆಕ್ಕಿಗರನ್ನೋ ವಕೀಲರನ್ನೋ ಕೇಳಲೇಬೇಕು. ಗೆರೆಯ ಒಳಗೆ ಬರುವವರಿಗೆ ಕಾರ್ಮಿಕ ಇಲಾಖೆಯ ಬಾಗಿಲು ಇದೆ. ಅದನ್ನು ತಟ್ಟಿದ ಮೇಲೆ ಅದೇ ಶಾಪ್‌ನಲ್ಲಿ ಮೊದಲಿನ ಹಾಗೆ ಇರುವುದು ಕಷ್ಟ, ಆದ್ದರಿಂದ ಮನೆಯವರ ಜೊತೆ ಕೂತು ಮಾತಾಡಿ ಆಮೇಲೆ ಹೆಜ್ಜೆ ಇಡಿ. ಗೆರೆಯ ಹೊರಗಿರುವವರಿಗೆ ಉಳಿಯುವುದು ಹ್ಯಾಂಡೋವರ್ ಶೀಟ್, ಸಿ-ಆಫ್ ಪುಸ್ತಕ, ಮತ್ತೆ ಮುಂದಿನ ಫೆಬ್ರವರಿ.

ನಮ್ಮ ಶಾಪ್‌ನ ಆ ಸಿ-ಆಫ್ ಪುಸ್ತಕದ ಮೊದಲ ಸಾಲು ನನ್ನದೇ. "ಪ್ರೆಸ್ 4, ಡೈ ಜಾಮ್, 2 ಗಂಟೆ 40 ನಿಮಿಷ." ಪಕ್ಕದಲ್ಲಿ ಮ್ಯಾನೇಜರ್ ಸಹಿ ಇದೆ.